ಮುಖ ನೋಡಿ ಮೇಣ

ಮುಖ ನೋಡಿ ಮೇಣ ಹಾಕು ಎಂದು ಹಿರಿಯರು ಗಾದೆ ಮಾಡಿದ್ದಾರೆ. ಮೇಣವಲ್ಲ, ಮಣೆ ಎಂದು ತಿದ್ದಲು ಬರುವವರು ಫೋಟೊ ಸ್ಟುಡಿಯೊದಲ್ಲಿ ಒಂದು ದಿನವೂ ದುಡಿದವರಲ್ಲ, ಬಿಡಿ. ಇದು ನಡೆದ ಕಥೆ. ಒಂದಕ್ಷರ ಸುಳ್ಳಿದ್ದರೂ ಹೇಳಿದ ನಾಲಿಗೆಗೆ ಮರಳುಕಾಗದ ಉಜ್ಜಬಹುದು.

ಆ ಸ್ಟುಡಿಯೊದಲ್ಲಿ ಕ್ಯಾಮೆರಾ ಹಿಡಿಯುವವನಿಗೆ ಗಿಣಿ ಎಂದು ಹೆಸರು ಬಿದ್ದಿತ್ತು. ಒಮ್ಮೆ ಕೇಳಿದ ದನಿ ಅವನ ಗಂಟಲಲ್ಲಿ ಬಾಡಿಗೆ ಕೊಡದೆ ಕಾಯಂ ಉಳಿದುಬಿಡುತ್ತಿತ್ತು. ಸ್ಟುಡಿಯೊ ಯಜಮಾನರ ಕೆಮ್ಮು, ಪೋಸ್ಟಿನವನ ಸೀನು, ಮದುಮಗನ ಅಪ್ಪನ ಗತ್ತು, ಎಲ್ಲ ಅವನ ಬಳಿ ಇದ್ದವು. ಸ್ವಂತ ದನಿ ಯಾವುದು ಎಂದು ಕೇಳಿದರೆ ಮಾತ್ರ ಸ್ವಲ್ಪ ಯೋಚಿಸಬೇಕಾಗುತ್ತಿತ್ತು.

ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಫೋಟೊ ತಿದ್ದುವವಳು ಕೂರುತ್ತಿದ್ದಳು, ಎಲ್ಲರಿಗೂ ಅಕ್ಕ. ಕುಂಚ ಹಿಡಿದು ನೆಗೆಟಿವ್ ತಿದ್ದುತ್ತಿದ್ದ ಕಾಲದಿಂದ ಅದೇ ಮೂಲೆ, ಅದೇ ಕುರ್ಚಿ. ಗಂಡ ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ ಮನೆ ನಡೆಯುತ್ತಿದ್ದುದೇ ಆ ಕುರ್ಚಿಯಿಂದ. ಯಜಮಾನರು ಹೊಸದೊಂದು ಸಾಫ್ಟ್‌ವೇರ್ ತಂದಿದ್ದರು. ಒಂದು ಗುಂಡಿ ಒತ್ತಿದರೆ ಎಂಥ ಮುಖವೂ ಬೆಣ್ಣೆಮುದ್ದೆ.

"ದೋಣಿ ಜೆಟ್ಟಿ ಆಫೀಸಿನ ಆರ್ಡರ್ ಇದೆಯಲ್ಲಕ್ಕ, ಅದೊಂದು ನೋಡ್ತೀನಿ. ಅವರು ಮೆಚ್ಚಿದ್ರೆ ಕುರ್ಚಿ ನಿಮ್ದೇ. ಇಲ್ದಿದ್ರೆ ಬೇಜಾರು ಮಾಡ್ಕೋಬೇಡಿ, ಮೆಷಿನ್ನೇ ಸಾಕು" ಎಂದಿದ್ದರು. ಗಿಣಿ ಅಲ್ಲೇ ನಿಂತು ಕೇಳಿಸಿಕೊಂಡಿದ್ದ.

ಆರ್ಡರ್ ದೋಣಿಯಮ್ಮನದು. ಮೂವತ್ತು ವರ್ಷ ಜನರನ್ನು ದಡದಿಂದ ದಡಕ್ಕೆ ದಾಟಿಸಿದ ಹೆಂಗಸು ಈಗ ನಿವೃತ್ತಿಯಾಗುತ್ತಿದ್ದಳು. ಅವಳ ಫೋಟೊ ಆಫೀಸಿನ ಗೋಡೆಗೆ ಏರಬೇಕಿತ್ತು. ಹಿಂದಿನ ವಾರ ಎಂಜಿನ್ ಕೆಟ್ಟು ಎರಡು ದಿನ ನಡುನೀರಿನಲ್ಲಿ ಬಿಸಿಲಿಗೆ ಬೆಂದು ಬಂದಿದ್ದಳು. ಮೂಗಿನ ಮೇಲೆ ಸಿಪ್ಪೆ ಏಳುತ್ತಿತ್ತು, ತುಟಿ ಒಡೆದಿತ್ತು, ಕೆನ್ನೆಯ ಮೇಲೆ ಬೂದಿ ಬಳಿದಂಥ ಒಣ ತೇಪೆಗಳಿದ್ದವು.

"ತಂಗೀ, ಈ ಸಿಪ್ಪೆ ಹೋದ ವಾರ ಬಂದ ನೆಂಟ, ಓಡಿಸಿಬಿಡು. ಸುಕ್ಕು ಮನೆಯವರು. ಅವರನ್ನ ಮುಟ್ಟೀಯೆ, ಜೋಕೆ!" ಎಂದು ಫೋಟೊ ತೆಗೆಸಿಕೊಂಡ ಮೇಲೆ ಅವಳು ಅಕ್ಕನಿಗೆ ಹೇಳಿದ್ದಳು. ಅಲೆಗೆ ಬಡಿದ ಹಲಗೆಯಂತೆ ಒರಟು ದನಿ. 'ತಂಗೀ' ಎನ್ನುವಾಗ ಮಾತ್ರ ಹಗ್ಗ ಎಳೆದ ಹಾಗೆ ಉದ್ದ. ಗಿಣಿಯ ಗಂಟಲಿಗೆ ಹಬ್ಬ.

ಮಾರನೆಯ ದಿನ ಹನ್ನೊಂದರ ಹೊತ್ತಿಗೆ ಅವನು ಅಕ್ಕನ ಬೆನ್ನ ಹಿಂದೆ ನಿಂತು ನೋಡಿದ. ಚಿತ್ರದ ಮೇಲೆ ಪಾರದರ್ಶಕ ಹಾಳೆಯಂಥ ಖಾಲಿ ಪದರವೊಂದನ್ನು ಹಾಸಿಕೊಂಡು, ಎದ್ದ ಸಿಪ್ಪೆಯ ಅಂಚುಗಳನ್ನು ಒಂದೊಂದಾಗಿ, ಪಕ್ಕದಲ್ಲೇ ಅದೇ ಬೆಳಕು ಬಿದ್ದಿದ್ದ ಚರ್ಮದಿಂದ ಚೂರು ತಂದು ಮುಚ್ಚುತ್ತಿದ್ದಳು. ಮೂಗಿನ ಕೆಂಪನ್ನು ಬೇರೆ ಪದರದಲ್ಲಿ ಬಣ್ಣ ಮಾತ್ರ ತಗ್ಗಿಸಿ ತಣಿಸಿದಳು. ಚರ್ಮದ ಸಣ್ಣ ರಂಧ್ರಗಳು ಇದ್ದಲ್ಲೇ ಉಳಿದವು. ತುಟಿಯ ಬಿಳಿ ಪೊರೆಯನ್ನು ತುಟಿಯ ಗೆರೆಗಳ ಉದ್ದಕ್ಕೇ ತೆಗೆದಳು, ಆಳವಾದ ಬಿರುಕಿನ ಕಪ್ಪನ್ನು ಒಂದು ಎಳೆ ತಿಳಿ ಮಾಡಿದಳು. ಕೆನ್ನೆಯ ತೇಪೆಗಳ ಬಿಳುಪನ್ನು ತೆಳು ಕುಂಚದಲ್ಲಿ ಸುತ್ತಲಿನ ಬಣ್ಣಕ್ಕೆ ಇಳಿಸಿದಳು.

"ಒಂದೇ ಸಲ ಮಸುಕು ಮಾಡಿ ಬಿಸಾಕಬಾರದಾ ಅಕ್ಕ? ಊಟದ ಹೊತ್ತಿಗೆ ಮುಗಿಯುತ್ತೆ."

"ಮಸುಕು ಮಾಡಿದ್ರೆ ಸಿಪ್ಪೆ ಜೊತೆ ರಂಧ್ರಾನೂ ಹೋಗುತ್ತೆ ಕಣೋ. ರಂಧ್ರ ಹೋದ್ರೆ ಮೇಣದ ಬೊಂಬೆ. ಆಮೇಲೆ ರಂಧ್ರದ ಹಾಗೆ ಕಾಣ್ಲಿ ಅಂತ ಮೇಲಿಂದ ಎಷ್ಟು ಚುಕ್ಕೆ ಉದುರಿಸಿದ್ರೂ ಅದು ಬೊಂಬೆಗೆ ಧೂಳು ಹಿಡಿದ ಹಾಗೆ ಕಾಣುತ್ತೆ ಅಷ್ಟೆ."

ಕೊನೆಗೆ ಚಿತ್ರವನ್ನು ಚಿಕ್ಕದು ಮಾಡಿ ದೂರದಿಂದ ನೋಡಿದಳು. ತಿದ್ದಿದ ಪದರದ ದಟ್ಟತೆಯನ್ನು ಸ್ವಲ್ಪ ಇಳಿಸಿದಳು. ಬಿಸಿಲಿನ ನೆನಪು ಒಂದಿಷ್ಟು ಮರಳಿ ಬಂತು. ಪರದೆಯ ಮೇಲೆ ದೋಣಿಯಮ್ಮ ಈಗಷ್ಟೇ ಮುಖ ತೊಳೆದು ಬಂದವಳಂತೆ ಇದ್ದಳು.

ಗಿಣಿಗೆ ಅದು ಚೆನ್ನಾಗಿದೆ ಎನ್ನಿಸಿತು. ಚೆನ್ನಾಗಿರುವುದನ್ನು ಕಂಡರೆ ಕೀಟಲೆ ಮಾಡದೆ ಇರಲಾಗದ ಜನ್ಮ ಅದು. ಹೊರಗಿನ ಕೌಂಟರಿಗೆ ಹೋಗಿ ಒಳಕೋಣೆಗೆ ಫೋನ್ ತಿರುಗಿಸಿದ.

"ತಂಗೀ, ನಾನಮ್ಮಾ, ದೋಣಿಯವಳು. ಮನೇಲೆಲ್ಲ ಬೈದ್ರು ಕಣೆ. ದೊಡ್ಡೋರ ಗೋಡೆಗೆ ಹೋಗೋ ಫೋಟೊ, ಸುಕ್ಕುಪಕ್ಕು ಏನೂ ಬೇಡ್ವಂತೆ. ಗಾಜಿನ ಹಾಗೆ ನುಣ್ಣಗೆ ಮಾಡಿಬಿಡು."

ಆ ಕಡೆ ಮೌಸಿನ ಸದ್ದು ನಿಂತಿತು. "ಅಮ್ಮಾ, ನಿನ್ನೆ ನೀವೇ..."

"ನಿನ್ನೆದು ನಿನ್ನೆಗೆ. ನುಣ್ಣಗಿಲ್ದಿದ್ರೆ ನಾನು ತಗೊಳ್ಳಲ್ಲ, ನೋಡು."

"ಆಯ್ತಮ್ಮಾ" ಎಂದಿತು ಅಕ್ಕನ ದನಿ, ಬಹಳ ಸಮಾಧಾನವಾಗಿ.

ಆ ಸಮಾಧಾನವೇ ಗಿಣಿಯನ್ನು ಕೆಡಿಸಿತು. ಕಂಡುಹಿಡಿದುಬಿಟ್ಟಳು, ಈಗ ನನ್ನನ್ನೇ ಆಟ ಆಡಿಸುತ್ತಿದ್ದಾಳೆ ಎಂದುಕೊಂಡ. ಒಳಗೆ ಹೋಗಿ ಹಲ್ಲು ಕಿರಿಯಬೇಕು, ಅಷ್ಟರಲ್ಲಿ ಯಜಮಾನರು ಸ್ಕೂಟರಿನ ಕೀಲಿ ಎಸೆದರು. "ಶಾಲೆ ಗುಂಪು ಫೋಟೊ, ಮರೆತೇ ಹೋಗಿತ್ತು, ಓಡು!" ಗಿಣಿ ಓಡಿದ. ಶಾಲೆಯಲ್ಲಿ ಕ್ಯಾಮೆರಾದ ಮೆಮೊರಿ ಕಾರ್ಡು ತುಂಬಿತ್ತು. ಹಳೆಯದೆಲ್ಲ ಕಂಪ್ಯೂಟರಿನಲ್ಲಿ ಇದ್ದೇ ಇದೆಯಲ್ಲ ಎಂದು ಅಳಿಸಿದ. ಮೇಷ್ಟರ ದನಿಯಲ್ಲಿ ಮಕ್ಕಳನ್ನು ಗದರಿಸಿ ಅವರನ್ನೂ ಮೇಷ್ಟರನ್ನೂ ನಗಿಸಿದ. ಫೋನಿನ ವಿಷಯ ತಲೆಯಿಂದ ಹಾರಿಯೇ ಹೋಯಿತು.

ಮೂರೂವರೆಗೆ ಅವನು ಮರಳಿದಾಗ ಕೌಂಟರಿನ ಮೇಲೆ ದೊಡ್ಡ ಪ್ರಿಂಟು ಬಿದ್ದಿತ್ತು. ನಾಲ್ಕೂವರೆಗೆ ಸಮಾರಂಭ. ದೋಣಿಯಮ್ಮ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ನಿಂತು ಅದನ್ನೇ ದಿಟ್ಟಿಸುತ್ತಿದ್ದಳು.

"ಇದ್ಯಾರು? ನನಗೆ ತಂಗಿ ಇಲ್ವಲ್ಲ."

ಪ್ರಿಂಟಿನಲ್ಲಿದ್ದದ್ದು ಸಾಬೂನಿನಲ್ಲಿ ಕೆತ್ತಿದ ಹೆಂಗಸು. ಮೂಗಿಗೂ ಕೆನ್ನೆಗೂ ಒಂದೇ ಹೊಳಪು, ತುಟಿಯಲ್ಲಿ ಒಂದು ಗೆರೆಯೂ ಇಲ್ಲ.

"ನೀವೇ ಅಲ್ವಾ ಅಮ್ಮ ಬೆಳಿಗ್ಗೆ ಫೋನ್ ಮಾಡಿ ನುಣ್ಣಗೆ ಬೇಕು ಅಂದಿದ್ದು?" ಎಂದಳು ಅಕ್ಕ.

"ನಾನಾ? ನಿಮ್ಮ ನಂಬರೇ ನನ್ನ ಹತ್ರ ಇಲ್ಲ ಕಣೇ!"

"ಕಸ್ಟಮರ್ ಮೇಲೆ ಹಾಕ್ಬೇಡಿ ಅಕ್ಕ" ಎಂದರು ಯಜಮಾನರು. "ಮೊದಲಿಂದು ತೆಗೀರಿ, ಇನ್ನೊಂದು ಪ್ರಿಂಟ್ ಹೊಡೆಯೋಣ."

"ಮೊದಲಿಂದಿಲ್ಲ ಸಾರ್."

ಇರಲು ಸಾಧ್ಯವೂ ಇರಲಿಲ್ಲ. ಆರ್ಡರ್ ಮುಗಿದೊಡನೆ ಪದರಗಳನ್ನೆಲ್ಲ ಒಂದಾಗಿ ಕೂಡಿಸಿ ಒಂದೇ ಫೈಲ್ ಉಳಿಸಬೇಕು, ಮೂಲ ಚಿತ್ರವನ್ನೂ ಅಳಿಸಬೇಕು ಎನ್ನುವುದು ಯಜಮಾನರದೇ ಕಟ್ಟಳೆ. ಡಿಸ್ಕಿನಲ್ಲಿ ಜಾಗವಿಲ್ಲ. ಹೊಸದಾಗಿ ತೆಗೆದು ತಿದ್ದಲು ಹೊತ್ತೂ ಇಲ್ಲ. ಅವರು ಗಿಣಿಯ ಕಡೆ ತಿರುಗಿದರು. "ಕಾರ್ಡಲ್ಲಿ?"

ಗಿಣಿ ಸ್ಕೂಟರಿನ ಕೀಲಿಯನ್ನು ಕೌಂಟರಿನ ಮೇಲಿಟ್ಟ. "ಅಳಿಸಿದೆ ಸಾರ್. ಆ ಫೋನೂ... ನಾನೇ ಮಾಡಿದ್ದು. ತಮಾಷೆಗೆ."

"ಅವರನ್ನ ಉಳಿಸೋಕೆ ಕಥೆ ಕಟ್ತಿದ್ದೀಯ."

"ಇಲ್ಲ ಸಾರ್, ದೇವರಾಣೆ."

"ಹಾಗಾದ್ರೆ ಮಾಡು, ಕೇಳೋಣ."

ಜೀವನದಲ್ಲಿ ಮೊದಲ ಬಾರಿಗೆ ಗಿಣಿಗೆ ಇನ್ನೊಬ್ಬರ ದನಿ ತೆಗೆಯಲು ನಾಚಿಕೆಯಾಯಿತು. ನೆಲ ನೋಡುತ್ತ ಶುರುಮಾಡಿದ. "ತಂಗೀ, ನಾನಮ್ಮಾ, ದೋಣಿಯವಳು..." ಆದರೆ ಗಂಟಲು ಅವನ ನಾಚಿಕೆಯನ್ನು ಕೇಳಲಿಲ್ಲ, ಒರಟೂ ಬಂತು, ಹಗ್ಗದ ಎಳೆತವೂ ಬಂತು. ದೋಣಿಯಮ್ಮನ ಕೈ ತನ್ನ ಗಂಟಲಿಗೆ ಹೋಯಿತು, ಅಲ್ಲಿದ್ದದ್ದನ್ನು ಯಾರೋ ಕದ್ದರೇನೋ ಎಂಬಂತೆ.

"ಕಳ್ಳ ನನ್ಮಗನೆ" ಎಂದಳು. ಬೈಗುಳದಲ್ಲಿ ಕಸುವಿರಲಿಲ್ಲ. ಪ್ರಿಂಟನ್ನು ಮುಟ್ಟದೆ ಬಾಗಿಲ ಕಡೆ ನಡೆದಳು. "ಗೋಡೆ ಖಾಲಿ ಇದ್ರೂ ಪರವಾಗಿಲ್ಲ. ಈ ಬೊಂಬೆ ಬೇಡ."

ಯಜಮಾನರು ಪ್ರಿಂಟನ್ನು ಮಗುಚಿ ಹಾಕಿದರು. ಆಮೇಲೆ ತಣ್ಣಗೆ ಹೇಳಿದರು. "ಫೋನ್ ಮಾಡಿದ್ದು ಇವನು, ಒಪ್ಪಿದೆ. ಮಾಡಿದ ಕೈ ನಿಮ್ದು ಅಕ್ಕ. ಕೇಳಿದ್ರು ಅಂತ ಮೇಣ ಬಳಿಯೋದಾದ್ರೆ ಗುಂಡೀನೇ ಸಾಕಲ್ಲ? ಬೇಡ ಅನ್ನೋಕೆ ತಾನೆ ನಾನು ಮನುಷ್ಯರನ್ನ ಇಟ್ಕೊಂಡಿದ್ದು? ತಿಂಗಳ ಕೊನೆವರೆಗೂ ಬನ್ನಿ, ಅಷ್ಟೆ."

ಕುರ್ಚಿ ಹೋಗುತ್ತದೆ ಎಂಬ ಹೆದರಿಕೆಗೆ ಅವಳು 'ಬೇಡ' ಎನ್ನಲಿಲ್ಲ ಎಂಬುದು ಅಲ್ಲಿದ್ದ ಮೂವರಿಗೂ ಗೊತ್ತಿತ್ತು. ಆ ಹೆದರಿಕೆ ಹುಟ್ಟಿಸಿದವರು ಯಾರೆಂಬುದೂ ಗೊತ್ತಿತ್ತು.

"ಅಕ್ಕಾ, ನಾನು..." ಎಂದ ಗಿಣಿ. ಈ ಸಲ ಹೊರಬಂದದ್ದು ಅವನದೇ ದನಿ. ತೆಳ್ಳಗೆ, ಯಾರೋ ಪರಿಚಯವಿಲ್ಲದವನದ್ದೆಂಬಂತೆ.

ಅಕ್ಕ ಅವನನ್ನೇ ನೋಡಿದಳು. "ಇನ್ನೊಂದು ಸಲ ಮಾಡೋ."

"ಏನು?"

"ದೋಣಿಯಮ್ಮನ ದನಿ. ಎಂಥ ಕೆಲಸ ಕಣೋ ನಿಂದು! ಒಡೆದ ತುಟಿ, ಸಿಪ್ಪೆ, ಸುಕ್ಕು, ಒಂದೂ ಬಿಟ್ಟಿಲ್ಲ. ಇಷ್ಟು ವರ್ಷ ಕೂತು ನಾನು ಮಾಡೋಕೆ ಒದ್ದಾಡಿದ್ದನ್ನ ನೀನು ಬಾಯಲ್ಲಿ ಮಾಡ್ತೀಯಲ್ಲೋ!"

ಅವಳ ಭುಜ ಕುಲುಕಿತು. ಅಳುತ್ತಿದ್ದಾಳೆ ಎಂದುಕೊಂಡು ಗಿಣಿ ಮುಂದೆ ಬಂದ. ಅಳುವಲ್ಲ, ನಗು. ಮೊದಲು ಮೂಗಿನಲ್ಲಿ, ಆಮೇಲೆ ಬಾಯಿ ತುಂಬ. ಯಜಮಾನರೂ ಕೆಮ್ಮಿನಂಥದೊಂದು ನಗೆ ಸೇರಿಸಲು ನೋಡಿ ನಿಲ್ಲಿಸಿದರು. ಗಿಣಿ ತುಟಿ ಅಗಲಿಸಿದ, ಸದ್ದು ಬರಲಿಲ್ಲ. ಅಕ್ಕ ಕೌಂಟರನ್ನು ಬಡಿದು ಬಡಿದು, ಕಣ್ಣಲ್ಲಿ ನೀರು ಬರುವಷ್ಟು, ಬೀದಿಯಲ್ಲಿ ಹೋಗುವವರು ತಿರುಗಿ ನೋಡುವಷ್ಟು ಗಟ್ಟಿಯಾಗಿ ನಕ್ಕಳು.