ಅವರು ಎಳೆದ ಎರಡು ಗೆರೆ

ಕಂಟ್ರೋಲ್ ರೂಮಿನ ನನ್ನ ಮೇಜಿನ ಗಾಜಿನಡಿ ಒಂದು ಹಾಳೆ ಇದೆ. ಅದನ್ನು ಮುಟ್ಟಿದವರಿಗೆ ನಾನು ಬೈಯುತ್ತೇನೆ. ಬೈಯುವುದರಲ್ಲಿ ಧನಲಕ್ಷ್ಮಿ ಮೇಡಂ ಎತ್ತಿದ ಕೈ ಅಂತ ಹೆಸರಘಟ್ಟ ರಸ್ತೆಯ ನಮ್ಮ ಪುಟ್ಟ ಗ್ಯಾಸ್ ಸ್ಥಾವರದಲ್ಲಿ ಎಲ್ಲರಿಗೂ ಗೊತ್ತು. ನಾನೇನೂ ಅದನ್ನು ಅಲ್ಲಗಳೆಯುವುದಿಲ್ಲ.

ಹಾಳೆಯಲ್ಲಿರುವುದು ನಮ್ಮ ಜನರೇಟರಿನ ಸಾಮರ್ಥ್ಯದ ನಕ್ಷೆ. ಮೆಗಾವ್ಯಾಟು ದೀಪ ಉರಿಸುತ್ತದೆ, ಫ್ಯಾನು ತಿರುಗಿಸುತ್ತದೆ. ಎಂವಾರ್ ಅಂತ ಇನ್ನೊಂದಿದೆ, ಅದು ಊರಿನ ವೋಲ್ಟೇಜನ್ನು ಎತ್ತಿ ಹಿಡಿಯುತ್ತದೆ. ವೋಲ್ಟೇಜು ಕುಸಿದಾಗ ನಾವು ಎಂವಾರ್ ಕೊಡಬೇಕು, ವಿಪರೀತ ಏರಿದಾಗ ಹೀರಿಕೊಳ್ಳಬೇಕು. ಕೊಡುವುದಕ್ಕೂ ಮಿತಿಯಿದೆ, ಹೀರುವುದಕ್ಕೂ ಮಿತಿಯಿದೆ. ಜಾಸ್ತಿ ಕೊಡಲು ಹೋದರೆ ರೋಟರಿನ ಸುರುಳಿಗೆ ಕರೆಂಟು ಹೆಚ್ಚಿ ಅದು ಕಾದು ಸುಡುತ್ತದೆ. ಜಾಸ್ತಿ ಹೀರಲು ಹೋದರೆ ಆ ಸುರುಳಿಯ ಅಯಸ್ಕಾಂತ ಬಲ ಸೊರಗಿ, ಗ್ರಿಡ್ಡಿನ ಮೇಲಿನ ಹಿಡಿತ ತಪ್ಪಿ, ಯಂತ್ರ ಜಾರಿಬಿಡುತ್ತದೆ. ತಯಾರಕರು ಅಚ್ಚು ಹಾಕಿಸಿದ ಈ ಎರಡು ಮಿತಿಗಳ ಒಳಗೆ ಪೆನ್ಸಿಲಿನಲ್ಲಿ ಇನ್ನೆರಡು ಗೆರೆ ಇವೆ. ಮೇಲೊಂದು, ಕೆಳಗೊಂದು. ಅವನ್ನು ಎಳೆದವರು ನಮ್ಮ ಮನೆಯವರು, ಆನಂದಪ್ಪ.

ಅವರೂ ಇಲ್ಲೇ ಇದ್ದರು, ಟೆಸ್ಟಿಂಗ್ ವಿಭಾಗದಲ್ಲಿ. ಇಲ್ಲೇ ಹತ್ತಿರದ ಸಿಂಗಾಪುರ ಬಡಾವಣೆಯ ಮನೆಯಿಂದ ಇಬ್ಬರೂ ಒಂದೇ ಸ್ಕೂಟರಿನಲ್ಲಿ ಬರುತ್ತಿದ್ದೆವು, ದಾರಿಯುದ್ದಕ್ಕೂ ಜಗಳ ಆಡಿಕೊಂಡು. ಹಳೆಯ ರೋಟರಿನಲ್ಲಿ ಸುರುಳಿಯ ಕೆಲವು ಸುತ್ತುಗಳ ನಡುವಿನ ನಿರೋಧಕ ಪದರ ಸವೆದು, ಒಂದು ಸುತ್ತು ಇನ್ನೊಂದಕ್ಕೆ ಅಂಟಿಕೊಂಡಿತ್ತು. ಅಷ್ಟೇ ಎಂವಾರ್ ಕೊಡಲು ಹೆಚ್ಚು ಕರೆಂಟು ಬೇಕಾಗುತ್ತಿತ್ತು, ಬೇಗ ಕಾಯುತ್ತಿತ್ತು. ತೊಂಬತ್ತು ಮೆಗಾವ್ಯಾಟಿನಲ್ಲಿ ಎಪ್ಪತ್ತು ಎಂವಾರ್ ಕೊಡಬಹುದು ಅಂತ ಅಚ್ಚಿನ ಗೆರೆ ಹೇಳುತ್ತದೆ. ಅವರು ಅಳೆದು ನೋಡಿ ಐವತ್ತಕ್ಕೆ ಪೆನ್ಸಿಲ್ ಎಳೆದರು. ಇಂಕಿನಲ್ಲಿ ಬರೆಯಬಾರದಾ ಅಂತ ನಾನು ಕೇಳಿದ್ದಕ್ಕೆ, “ಬೇಡ ಕಣೇ. ರೋಟರ್ ರೀವೈಂಡ್ ಆಗಿ ಬಂದ್ಮೇಲೆ ಇದನ್ನ ನಾನೇ ಅಳಿಸ್ತೀನಿ,” ಅಂದರು.

ರೋಟರ್ ಬಂತು. ಅದಕ್ಕೆ ಒಂದು ತಿಂಗಳ ಮುಂಚೆ ಅವರು ಹೋದರು. ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿದ್ದಾಗಲೇ ಎದೆ ಹಿಡಿದುಕೊಂಡವರು ಮತ್ತೆ ಏಳಲಿಲ್ಲ.

ಹೊಸ ಸುರುಳಿಯ ಕಾವಿನ ಪರೀಕ್ಷೆ ಆಯಿತು. ಎಪ್ಪತ್ತು ಎಂವಾರ್ ಸಲೀಸಾಗಿ ಕೊಟ್ಟಿತು. ಆಪರೇಟರುಗಳಿಗೆ ಹೊಸ ಮಿತಿಯ ಆದೇಶ ಬರೆದುಕೊಡಬೇಕಾದವಳು ನಾನು. ನಾನು ಬರೆಯಲಿಲ್ಲ. ಸ್ವಲ್ಪ ದಿನ ನೋಡೋಣ ಅಂದೆ, ಸ್ವಲ್ಪ ದಿನ ಎರಡು ವರ್ಷವಾಯಿತು. ಅಳಿಸುತ್ತೇನೆ ಅಂದವರು ಬರಲಿ ಅಂತ ಕಾಯುತ್ತಿದ್ದೆ ಅಂದರೆ ನಗುತ್ತೀರಿ. ನಗಿ, ನನಗೇನು. ಐವತ್ತಕ್ಕೆ ಬಂದಾಗ ಸುರುಳಿಯ ಕರೆಂಟು, ಅಂದರೆ ಫೀಲ್ಡ್ ಕರೆಂಟಿನ ಮೀಟರು ಮಿತಿಗಿಂತ ಎಷ್ಟೋ ಕೆಳಗಿರುವುದು ಕಾಣುತ್ತಿತ್ತು, ನಾನು ಬೇರೆ ಕಡೆ ನೋಡುತ್ತಿದ್ದೆ. ಹೋದ ಬೇಸಿಗೆಯಲ್ಲಿ ಎರಡು ಸಲ, ಗ್ರಿಡ್ಡು ನೋಡಿಕೊಳ್ಳುವ ಲೋಡ್ ಡಿಸ್ಪ್ಯಾಚಿನವರು ಹೆಚ್ಚು ಕೇಳಿದಾಗ ಆಗುವುದಿಲ್ಲ ಅಂದುಬಿಟ್ಟಿದ್ದೆ.

ಈ ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ಮೂರು ಗಂಟೆ. ಊರಿನ ಏಸಿಗಳೆಲ್ಲ ಒಟ್ಟಿಗೆ ಓಡುತ್ತಿದ್ದವು. ಲೋಡ್ ಡಿಸ್ಪ್ಯಾಚಿನ ನೂರುಲ್ಲಾ ಫೋನ್ ಮಾಡಿದರು. ಒಂದು ಸಬ್‌ಸ್ಟೇಷನ್ನಿನಲ್ಲಿ ಎಂವಾರ್ ಕೊಡುವ ಕೆಪಾಸಿಟರ್ ಬ್ಯಾಂಕ್ ಕೈಕೊಟ್ಟಿದೆ, ಹೆಬ್ಬಾಳದಿಂದ ಕೊಡಿಗೇಹಳ್ಳಿವರೆಗೆ ವೋಲ್ಟೇಜು ಇಳಿಯುತ್ತಿದೆ, ಅರವತ್ತೆರಡು ಎಂವಾರ್ ಬೇಕು, ಹತ್ತು ನಿಮಿಷದಲ್ಲಿ ಸಿಗದಿದ್ದರೆ ಬಡಾವಣೆಗಳಿಗೆ ಹೋಗುವ ಫೀಡರು ಕಟ್ ಮಾಡುತ್ತೇವೆ ಅಂದರು. ನಾವು ಐವತ್ತರಲ್ಲಿದ್ದೆವು, ಸರಿಯಾಗಿ ಆ ಗೆರೆಯ ಮೇಲೆ.

ನನ್ನ ಜೊತೆ ಶಿಫ್ಟಿನಲ್ಲಿದ್ದ ಇಂಜಿನಿಯರ್ ವಿಜಯ್ ಕುಮಾರ್ ಸೇರಿ ಆರು ತಿಂಗಳಾಗಿತ್ತು. ನನ್ನ ಬೈಗುಳಕ್ಕೆ ಹೆದರಿ ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಅವತ್ತು ಎದ್ದು ಬಂದು ಪರೀಕ್ಷೆಯ ವರದಿಯನ್ನು ಗಾಜಿನ ಮೇಲೆ ಇಟ್ಟ.

“ಮೇಡಂ, ಈ ಗೆರೆ ಹಳೇ ರೋಟರಿಂದು. ಆ ರೋಟರ್ ಈಗಿಲ್ಲ.”

ಕೋಪ ನೆತ್ತಿಗೇರಿತು. ಆದರೆ ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ಕೊಡಿಗೇಹಳ್ಳಿಯಲ್ಲಿ ನಮ್ಮತ್ತೆ ಮುನಿಕೆಂಪಮ್ಮ ಆಕ್ಸಿಜನ್ ಮೆಷಿನ್ನಿನ ಮೇಲೆ ಇದ್ದಾರೆ. ಮಗ ಎಳೆದ ಗೆರೆ ಉಳಿಸಲು ತಾಯಿಯ ಕರೆಂಟು ತೆಗೆಯುತ್ತಿದ್ದೇನಲ್ಲ ಅನಿಸಿತು. ಅದೇ ಸಾಲಿನ ಬೀದಿಗಳಲ್ಲಿ ಇನ್ನೂ ಎಷ್ಟು ಮುನಿಕೆಂಪಮ್ಮಂದಿರೋ. ಹೋದ ಬೇಸಿಗೆಯಲ್ಲಿ ಯಾರ ಮನೆಯ ಕರೆಂಟು ಹೋಯಿತೋ, ನಾನು ಕೇಳಲೂ ಇಲ್ಲ.

ಏರಿಸು ಅಂದೆ. ಅವನು ನಿಧಾನವಾಗಿ ಏರಿಸಿದ. ಐವತ್ತೆರಡು, ಐವತ್ತಾರು, ಅರವತ್ತೆರಡು. ಫೀಲ್ಡ್ ಕರೆಂಟು ಮಿತಿಯೊಳಗೇ ನಿಂತಿತು, ರೋಟರಿನ ಕಾವು ನಾಲ್ಕು ಡಿಗ್ರಿ ಏರಿ ಸುಮ್ಮನಾಯಿತು. ವೋಲ್ಟೇಜು ಸುಧಾರಿಸಿದೆ ಅಂತ ನೂರುಲ್ಲಾ ಥ್ಯಾಂಕ್ಸ್ ಹೇಳಿದರು. ಫೀಡರು ಯಾವುದೂ ಕಟ್ ಆಗಲಿಲ್ಲ. ನನಗೆ ಮಾತ್ರ ನಮ್ಮ ಮನೆಯವರನ್ನು ಎರಡನೇ ಸಲ ಕಳಿಸಿಕೊಟ್ಟಷ್ಟು ಸಂಕಟವಾಯಿತು.

ಐದೂವರೆಗೆ ಹೆಸರಘಟ್ಟದ ಕಡೆಯಿಂದ ಕಪ್ಪು ಮೋಡ ಎದ್ದು, ಗಾಳಿ, ಆಲಿಕಲ್ಲು. ಮರ ಬಿದ್ದು ಅಲ್ಲಲ್ಲಿ ಫೀಡರುಗಳು ತಾವೇ ಹೋದವು, ಏಸಿಗಳು ನಿಂತವು. ಲೋಡು ಧೊಪ್ಪನೆ ಬಿತ್ತು, ಖಾಲಿ ಕೇಬಲ್ಲುಗಳಿಂದ ವೋಲ್ಟೇಜು ಏರತೊಡಗಿತು. ಮತ್ತೆ ನೂರುಲ್ಲಾ. ಈಗ ಮೂವತ್ತು ಎಂವಾರ್ ಹೀರಿಕೊಳ್ಳಿ ಅಂದರು.

ವಿಜಯ್ ಕುಮಾರ್ ಹಾಳೆ ನೋಡಿದ. ಅಚ್ಚಿನ ಗೆರೆ ಮೂವತ್ತೈದರವರೆಗೆ ಬಿಡುತ್ತದೆ. ಪೆನ್ಸಿಲಿನ ಕೆಳಗಿನ ಗೆರೆ ಇಪ್ಪತ್ತೆರಡಕ್ಕೇ ನಿಂತಿದೆ. ಇದೂ ಹಳೆಯದೇ ಅಲ್ವಾ ಮೇಡಂ ಅಂದ. ಮಧ್ಯಾಹ್ನ ಗೆದ್ದವನು ಪಾಪ.

ನಾನು ಹೌದು ಅಂದುಬಿಡುತ್ತಿದ್ದೆ. ಅಷ್ಟು ಸೋತಿದ್ದೆ. ಆಗ ಗೆರೆಯ ಪಕ್ಕದಲ್ಲಿದ್ದ ಅವರ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಎಷ್ಟೋ ವರ್ಷ ನೋಡಿದ್ದರೂ ಓದಿರಲಿಲ್ಲ. ‘ಎರಡರಲ್ಲಿ ಒಂದು ಲೈನ್ ಹೋದರೆ, ಇಷ್ಟೇ.’

ಈ ಗೆರೆಗೂ ಸವೆದ ಸುರುಳಿಗೂ ಸಂಬಂಧವೇ ಇಲ್ಲ. ನಮ್ಮನ್ನು ಗ್ರಿಡ್ಡಿಗೆ ಕಟ್ಟಿರುವುದು ಎರಡು ಲೈನುಗಳು. ಒಂದು ಹರಿದರೆ ಹಿಡಿತ ಸಡಿಲ. ರೋಟರ್ ಎಷ್ಟೇ ಹೊಸದಾಗಿರಲಿ, ಆ ಲೆಕ್ಕ ಬದಲಾಗುವುದಿಲ್ಲ. ಅಚ್ಚು ಹಾಕಿಸಿದವರಿಗೆ ನಮ್ಮೂರಿನ ಲೈನು ಗೊತ್ತಿರಲಿಲ್ಲ, ಇವರಿಗೆ ಗೊತ್ತಿತ್ತು.

“ಇಪ್ಪತ್ತೆರಡಕ್ಕಿಂತ ಆಚೆ ಹೋಗಲ್ಲ ನೂರುಲ್ಲಾ ಅವರೇ,” ಅಂದೆ. “ಇನ್ನೂ ಬೇಕಂದ್ರೆ ಮೆಗಾವ್ಯಾಟ್ ಇಳಿಸೋಕೆ ಆರ್ಡರ್ ಕೊಡಿ, ಹೊರೆ ಇಳಿದ್ರೆ ಹಿಡಿತ ಗಟ್ಟಿಯಾಗುತ್ತೆ, ಆಗ ಹೀರ್ತೀನಿ.”

ಅವರು ಗೊಣಗಿದರು, ನೋಡಿ ಹೇಳುತ್ತೇನೆ ಅಂದರು. ನಾವು ಇಪ್ಪತ್ತೆರಡರಲ್ಲಿ ನಿಂತೆವು. ಆರು ಗಂಟೆ ಹತ್ತು ನಿಮಿಷಕ್ಕೆ ಸಿಡಿಲು ಬಡಿದು ಆ ಎರಡರಲ್ಲಿ ಒಂದು ಲೈನು ಟ್ರಿಪ್ ಆಯಿತು. ಮೀಟರಿನ ಮುಳ್ಳುಗಳು ಅತ್ತಿಂದಿತ್ತ ತೂಗಿದವು. ಒಂದು ಸಲ, ಎರಡು ಸಲ, ಮೂರನೇ ಸಲ ಸ್ವಲ್ಪ ಕಡಿಮೆ. ಯಂತ್ರ ಗೊರ್ರೆಂದು ನರಳಿ, ಹಿಡಿತ ಬಿಡದೆ, ಮತ್ತೆ ಸಮಕ್ಕೆ ಬಂತು. ಮೂವತ್ತರಲ್ಲಿ ಇದ್ದಿದ್ದರೆ ಜಾರಿ ಹೋಗುತ್ತಿತ್ತು. ವಿಜಯ್ ಕುಮಾರ್ ಲಾಗ್ ಪುಸ್ತಕದಲ್ಲಿ ಸಮಯ ಬರೆದುಕೊಂಡ.

ಅವನಿಗೆ ಕಾಣದಿರಲಿ ಅಂತ ಕಿಟಕಿಯ ಕಡೆ ತಿರುಗಿ ಅತ್ತೆ. ಸುಖಕ್ಕೋ ದುಃಖಕ್ಕೋ ಕೇಳಬೇಡಿ. ರೀ, ಒಂದೇ ಒಂದು ಸಲ ಬಂದು ಈ ಮೀಟರು ನೋಡಿ ಹೋಗಿ ಅಂತ ಮನಸ್ಸು ಹಂಬಲಿಸಿತು. ದಾರಿಯಲ್ಲಿ ಜಗಳ ಆಡುವುದಿಲ್ಲ ಅಂತಲೂ ಹೇಳಿದೆ. ಅದು ಸುಳ್ಳು, ಆಡೇ ಆಡುತ್ತಿದ್ದೆ.

ಶಿಫ್ಟು ಬಿಡುವ ಮುಂಚೆ ಹೊಸ ಮಿತಿಯ ಆದೇಶ ಬರೆದೆ, ಎರಡು ವರ್ಷ ತಡವಾದದ್ದು ನನ್ನ ತಪ್ಪು ಅಂತಲೂ ಅದರಲ್ಲೇ ಸೇರಿಸಿದೆ. ಗಾಜು ಎತ್ತಲು ವಿಜಯ್ ಕುಮಾರ್ ಕೈ ಜೋಡಿಸಿದ. ಅವನು ಕೆಳಗಿನ ಗೆರೆಗೆ ಇಂಕು ಹಾಕುತ್ತೇನೆ ಅಂದಾಗ ಬೇಡ ಅಂದೆ, ಬೈಯಲಿಲ್ಲ. ಮೇಲಿನ ಗೆರೆಯನ್ನು ನಾನೇ ರಬ್ಬರಿನಲ್ಲಿ ಅಳಿಸಿದೆ, ಅವರು ಅಳಿಸುತ್ತಿದ್ದಷ್ಟೇ ನಿಧಾನವಾಗಿ. ಉದುರಿದ ಪುಡಿಯನ್ನು ಊದಲು ಮನಸ್ಸು ಬರಲಿಲ್ಲ. ಕರ್ಚೀಫಿನಲ್ಲಿ ಕಟ್ಟಿಕೊಂಡು ಮನೆಗೆ ತಂದೆ.