ಅಳಿಸದ ತಂಬೂರಿ

ಒಗ್ಗರಣೆಯ ಸಾಸಿವೆ ಸಿಡಿಯುತ್ತಿರುವಾಗಲೇ ಜಾನಕಮ್ಮ ಆ ಸಂದೇಶವನ್ನು ವಾಟ್ಸಾಪ್ ಗುಂಪಿಗೆ ಕಳಿಸಿಬಿಟ್ಟಿದ್ದರು. ಬಸವನಗುಡಿಯ ಅವರ ಮನೆಗೆ ಸಂಗೀತ ಕಲಿಯಲು ಬರುವ ಮಕ್ಕಳ ತಾಯಂದಿರೂ ಹಿರಿಯ ಶಿಷ್ಯೆಯರೂ ಇರುವ ಗುಂಪು ಅದು, ನಲವತ್ತೆರಡು ಜನ. ‘ಚಾಮರಾಜಪೇಟೆಯ ಮುನೇಶನ ಮೊಬೈಲ್ ಅಂಗಡಿಗೆ ಯಾರೂ ಹೋಗಬೇಡಿ. ಹೊಸ ಫೋನು ಎಂದು ಹೇಳಿ ಯಾರೋ ಬಳಸಿ ಬಿಟ್ಟ ಡಿಸ್‌ಪ್ಲೇ ಹಾಕಿ ನನಗೆ ಮಾರಿದ್ದಾನೆ.’ ಒಲೆ ಆರಿಸುವಷ್ಟರಲ್ಲಿ ಹನ್ನೊಂದು ಜನ ಕೈಮುಗಿದಿದ್ದರು.

ಹನ್ನೊಂದು ಗಂಟೆಗೆ ಹಿರಿಯ ಶಿಷ್ಯೆ ಲಾವಣ್ಯಾಳನ್ನು ಕರೆದುಕೊಂಡು ಅಂಗಡಿಗೇ ಹೋದರು. ಗಾಜಿನ ಕಪಾಟಿನ ಮೇಲೆ ಫೋನಿಟ್ಟು, ಅಲ್ಲಿದ್ದ ಇನ್ನಿಬ್ಬರು ಗಿರಾಕಿಗಳಿಗೂ ಕೇಳುವಂತೆ, “ನೋಡಪ್ಪ, ಎಂಟೇ ತಿಂಗಳು. ಬಿಳಿ ಪುಟ ಬಂದ್ರೆ ಸಾಕು, ಮಧ್ಯದಲ್ಲಿ ಕಲೆ. ನಾನೇನು ಹಪ್ಪಳ ಒತ್ತಿದ್ನಾ ಇದ್ರ ಮೇಲೆ?” ಎಂದರು.

ಮುನೇಶ ಬಟ್ಟೆಯಿಂದ ಗಾಜು ಒರೆಸಿ, ಪರೀಕ್ಷೆಗೆಂದು ಇಟ್ಟುಕೊಂಡಿದ್ದ ಬರೀ ಬೂದುಬಣ್ಣದ ಚಿತ್ರವೊಂದನ್ನು ತೆರೆದ. ಪರದೆ ತುಂಬಾ ಬೂದು. ಅದರ ನಡುವೆ, ಸ್ವಲ್ಪ ಮಂಕಾಗಿ, ಒಂದು ದೊಡ್ಡ ಚಕ್ರ. ಅದರ ಕೆಳಗೆ ಸಾಲಾಗಿ ನಾಲ್ಕು ಚುಕ್ಕೆ.

ಲಾವಣ್ಯಾ ಬಗ್ಗಿ ನೋಡಿದಳು. “ಟೀಚರ್,” ಎಂದಳು ಮೆಲ್ಲಗೆ, “ನಮ್ಮ ತಂಬೂರಿ ಅಲ್ವಾ ಇದು?”

ಹೌದು. ಬೆಳಿಗ್ಗೆ ಮೂರು ಗಂಟೆ ಕಾಲ, ಸಂಜೆ ಮೂರು ಗಂಟೆ ಕಾಲ, ಪಾಠ ನಡೆಯುವಷ್ಟು ಹೊತ್ತೂ ಜಾನಕಮ್ಮನ ಮುಂದೆ ಉರಿಯುವ ತಂಬೂರಿ ಆ್ಯಪು. ಕಪ್ಪು ಹಿನ್ನೆಲೆ, ನಡುವೆ ಶ್ರುತಿಯ ಬಿಳಿ ಚಕ್ರ, ನಾಲ್ಕು ತಂತಿಗೆ ನಾಲ್ಕು ಚುಕ್ಕೆ.

“ದಿನಾ ಪೂರ್ತಿ ಬೆಳಕಲ್ಲಿ ಇಡ್ತಿದ್ರಾ ಅಮ್ಮ?” ಎಂದ ಮುನೇಶ.

ಇಡುತ್ತಿದ್ದರು. ಈ ಫೋನು ಕೊಡುವಾಗಲೇ ಅವನು ಹೇಳಿದ್ದು ಈಗ ಒಂದೊಂದಾಗಿ ನೆನಪಾಯಿತು. ರಥಸಪ್ತಮಿಗೆ ಪಾರ್ಕಿನಲ್ಲಿ ಹಾಡಿಸುವಾಗ ಹಳೆಯ ಫೋನಿನಲ್ಲಿ ಸಾಹಿತ್ಯವೇ ಕಾಣಿಸದೆ ಎರಡನೇ ಚರಣ ನುಂಗಿದ್ದರು; ಅದಕ್ಕೇ ಇವನ ಬಳಿ ಬಂದಿದ್ದರು. ಆಗ ಅವನು ಅಂದದ್ದು: “ನಿಮ್ಮದು ಹಳೇ ಎಲ್‌ಸಿಡಿ, ಹಿಂದೊಂದು ದೀಪ ಇರುತ್ತೆ, ಬಿಸಿಲಿಗೆ ಅದರ ಶಕ್ತಿ ಸಾಲಲ್ಲ. ಈ ಓಎಲ್ಇಡಿ ಬಿಸಿಲಿಗೆ ತಾನೇ ಜೋರು ಮಾಡ್ಕೊಳ್ಳತ್ತೆ. ಇದ್ರಲ್ಲಿ ಒಂದೊಂದು ಚುಕ್ಕೆನೂ ತಾನೇ ಉರಿಯೋದು, ಕಪ್ಪಿರೋ ಕಡೆ ಆರೇ ಹೋಗಿರುತ್ತೆ. ಕಪ್ಪು ಜಾಸ್ತಿ ಇದ್ರೆ ಬ್ಯಾಟರಿ ಉಳಿಯುತ್ತೆ. ಬಿಳಿ ಪುಟಕ್ಕೆ ಆ ಲಾಭ ಇಲ್ಲ. ಆದ್ರೆ ಒಂದೇ ಚಿತ್ರ ಗಂಟೆಗಟ್ಟಲೆ ಇಡಬೇಡಿ. ಉರಿದ ಚುಕ್ಕೆ ಸವೀತವೆ, ಉಳಿದವು ಹೊಸದಾಗೇ ಇರ್ತವೆ, ಗುರುತು ಉಳಿಯುತ್ತೆ. ತಂಬೂರಿ ಶಬ್ದ ಬರ್ತಾನೇ ಇರುತ್ತೆ, ಪರದೆ ಆರಿಸ್ಬಿಡಿ.”

“ಕಣ್ಣಿಗೆ ಕಾಣದ ತಂಬೂರಿ ಮುಂದೆ ಕೂತು ಹಾಡೋದೇನಪ್ಪ?” ಎಂದು ಆಗ ನಕ್ಕಿದ್ದವರು ಅವರೇ. ಬ್ಯಾಟರಿ ಉಳಿಯುತ್ತೆ ಎಂದದ್ದನ್ನು ಮಾತ್ರ ನೆನಪಿಟ್ಟುಕೊಂಡಿದ್ದರು. ಹಳೆಯ ಫೋನಿನಲ್ಲಿ ನಾಲ್ಕು ವರ್ಷ ಇದೇ ಚಕ್ರ ಉರಿದರೂ ಒಂದು ಗೆರೆ ಬಿದ್ದಿರಲಿಲ್ಲ.

ಜಾನಕಮ್ಮ ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ಮುನೇಶನ ಫೋನು ಬಡಿದುಕೊಂಡಿತು. “ಹೇಳಿ ಅಕ್ಕ... ಆಯ್ತು ಅಕ್ಕ, ಬೇಡ ಅಂದ್ರೆ ಬೇಡ, ಪರವಾಗಿಲ್ಲ.” ಕೆಳಗಿಟ್ಟು ಕತ್ತು ಕೆರೆದುಕೊಂಡ. “ಬೆಳಿಗ್ಗೆಯಿಂದ ಇದು ಮೂರನೇದು. ರಿಪೇರಿಗೆ ತರ್ತೀವಿ ಅಂದವ್ರೆಲ್ಲ ಬೇಡ ಅಂತಿದ್ದಾರೆ. ಏನಾಯ್ತೋ ಗೊತ್ತಿಲ್ಲ.”

ಲಾವಣ್ಯಾ ನೆಲ ನೋಡಿದಳು. ಅವಳೂ ಆ ಗುಂಪಿನಲ್ಲಿದ್ದಳು.

ಜಾನಕಮ್ಮ ಏನೂ ಹೇಳದೆ ಹೊರಟುಬಿಡಬಹುದಿತ್ತು. ಮಕ್ಕಳ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ತೊಡೆ ತಟ್ಟಿ ನಿಲ್ಲಿಸುವ ಕೈ ಈಗ ಸೆರಗಿನ ತುದಿಯನ್ನು ಸುತ್ತುತ್ತಿತ್ತು. “ನಾನೇ ಕಣಪ್ಪ,” ಎಂದರು. “ನಾನೇ ಎಲ್ಲರಿಗೂ ಬರೆದೆ. ನಿನ್ನನ್ನ ಒಂದು ಮಾತು ಕೇಳದೆ ಬರೆದೆ.”

ಮುನೇಶ ಅವರನ್ನು ನೋಡಿದ. ಬೈದಿದ್ದರೆ ಹಗುರಾಗುತ್ತಿತ್ತು. ಅವನು ಫೋನನ್ನು ಒರೆಸಿ ಅವರ ಕಡೆ ಸರಿಸಿದ, ಅಷ್ಟೇ. “ಡಿಸ್‌ಪ್ಲೇ ಬದಲಾಯಿಸೋದು ಬೇಡಮ್ಮ. ಹಾಡಕ್ಕೆ ಇದೇ ಸಾಕು. ಇನ್ಮೇಲೆ ಆರಿಸಿಡಿ.”

ಅಂಗಡಿಯ ಮೆಟ್ಟಿಲ ಮೇಲೆ, ಸುಡುವ ಬಿಸಿಲಿನಲ್ಲಿ ನಿಂತು ಗುಂಪನ್ನು ತೆರೆದರು. ಅಕ್ಷರ ಒಂದೊಂದೂ ನಿಚ್ಚಳವಾಗಿ ಕಾಣುತ್ತಿತ್ತು. ಬೆಳಗಿನ ಸಂದೇಶವನ್ನು ಅಳಿಸಲು ಬೆರಳಿಟ್ಟರು. ಓದಿದವರ ಮನಸ್ಸಿನಿಂದ ಹೇಗೆ ಅಳಿಸುವುದು? ‘ಸ್ವಲ್ಪ ತಪ್ಪು ತಿಳಿವಳಿಕೆ ಆಗಿತ್ತು’ ಎಂದು ಬರೆದರು. ತೆಗೆದರು. ‘ಫೋನು ಹಾಳು ಮಾಡಿದ್ದು ನಾನು. ಮುನೇಶ ಮೊದಲೇ ಎಚ್ಚರಿಸಿದ್ದ, ನಾನು ಕೇಳಲಿಲ್ಲ. ಅವನ ಮೇಲೆ ಸುಳ್ಳು ಹೊರಿಸಿದೆ. ಅವನ ಕ್ಷಮೆ ಕೇಳಿದ್ದೇನೆ’ ಎಂದು ಬರೆದ ಮೇಲೆ, ಇನ್ನೂ ಕೇಳಿಲ್ಲವೆಂದು ಹೊಳೆಯಿತು.

ಕಳಿಸದೆ, ಫೋನನ್ನು ಕೈಯಲ್ಲೇ ಹಿಡಿದು, ಇಬ್ಬರು ಗಿರಾಕಿಗಳೂ ಇನ್ನೂ ಕೂತಿದ್ದ ಅಂಗಡಿಯೊಳಕ್ಕೆ ತಿರುಗಿ ಮೆಟ್ಟಿಲು ಹತ್ತಿದರು.