ದಸ್ತಗಿರಿಯ ಕೊಟೇಷನ್ನಿನಲ್ಲಿ ತರುಗು

ಆದೋನಿಯ ಹತ್ತಿ ವ್ಯಾಪಾರಸ್ಥರ ಬೀದಿಯಲ್ಲಿ ಬಿ.ಎ. ಪಾಸು ಮಾಡಿದ ಸೊಸೆ ಗುರುಶಾಂತಮ್ಮ ಒಬ್ಬಳೇ. ಆ ಬಿ.ಎ. ಮದುವೆಯಾದಾಗಿನಿಂದ ಹೆಚ್ಚಾಗಿ ಕೆಲಸಕ್ಕೆ ಬಂದದ್ದು ಮನಿಯಾರ್ಡರ್ ಫಾರಂ ತುಂಬುವುದಕ್ಕೆ. ಆದ್ದರಿಂದ ವೈರ್‌ಮನ್ ದಸ್ತಗಿರಿ ಒಂದು ಮಧ್ಯಾಹ್ನ ಪಡಸಾಲೆಯ ಮೆಟ್ಟಿಲ ಬಳಿ ಚಪ್ಪಲಿ ಬಿಟ್ಟು, "ಅಮ್ಮಾರ, ನನಗೊಂದು ಕೊಟೇಷನ್ ಬರದು ಕೊಡ್ರಿ" ಎಂದಾಗ ಆಕೆಗೆ ಕಾಲೇಜು ಮತ್ತೆ ತೆರೆದಷ್ಟು ಸಂತೋಷವಾಯಿತು.

ವ್ಯಾಪಾರಸ್ಥರ ಸಂಘ ನಡೆಸುತ್ತಿದ್ದ ಹೆರಿಗೆ ಮನೆಯಲ್ಲಿ ವೈರಿನ ಮೇಲಿನ ರಬ್ಬರು ಪುಡಿಯಾಗಿ, ದಿನ ಬಿಟ್ಟು ದಿನ ಫ್ಯೂಜು ಹಾರುತ್ತಿತ್ತು. ನರ್ಸು ಮಹಾಂತಮ್ಮ ಒಂದು ಕೈಯಲ್ಲಿ ಕಂದೀಲು, ಇನ್ನೊಂದು ಕೈಯಲ್ಲಿ ಕೂಸು ಹಿಡಿದು ಓಡಾಡುವಂತಾಗಿತ್ತು. ದಸ್ತಗಿರಿಯ ಹೆಂಡತಿ ಹುಸೇನಮ್ಮ ಹಡೆದದ್ದೂ ಅಲ್ಲಿಯೇ, ಅಂಥ ಕಂದೀಲಿನ ಬೆಳಕಿನಲ್ಲಿಯೇ. ಈ ಕೆಲಸ ತನ್ನ ಕೈಯಿಂದಲೇ ಆಗಬೇಕೆಂದು ಅವನ ಆಸೆ. ಆದರೆ ಪೇಟೆಯ ದೊಡ್ಡ ಅಂಗಡಿಯ ಬಜಾರಪ್ಪನೂ ಕೊಟೇಷನ್ ಕೊಟ್ಟಿದ್ದ. ಸಂಘದ ಅಧ್ಯಕ್ಷರಾದ ಹಾಲಸ್ವಾಮಿಯವರು ಬಾಯಿಮಾತಿನ ಲೆಕ್ಕ ಒಪ್ಪುವವರಲ್ಲ.

ದಸ್ತಗಿರಿ ತಂದದ್ದು ಸಿಗರೇಟು ಪ್ಯಾಕಿನ ಒಳಮೈ. ಅದರ ಮೇಲೆ ತೆಲುಗಿನಲ್ಲಿ: ವೈರ್ ಹದಿನೈದು, ಸ್ವಿಚ್ಚು ಹೋಲ್ಡರು ಹನ್ನೆರಡು, ಪಟ್ಟಿ ಗಿಟ್ಟಿ ಆರು, ಕಟೌಟು ಮೂರು, ಕೂಲಿ ಹನ್ನೆರಡು.

"ಹಿಂಗ ಗುಂಪುಗುಂಪಾಗಿ ಬರದ್ರ ಯಾರು ಒಪ್ತಾರೋ?" ಎಂದು ಗುರುಶಾಂತಮ್ಮ ಕನ್ನಡಕ ಏರಿಸಿದಳು. "ವೈರ್ ಎಷ್ಟು ಗಜ? ಗಜಕ್ಕೆಷ್ಟು?"

"ಅರವತ್ತು ಗಜರೀ. ಗಜಕ್ಕ ನಾಲ್ಕಾಣೆ."

ಆಕೆ ಸ್ಕೇಲು ಹಿಡಿದು ಗೆರೆ ಎಳೆದಳು. ಕ್ರಮಸಂಖ್ಯೆ, ವಿವರ, ಪರಿಮಾಣ, ದರ, ಮೊತ್ತ. ದರದ ಎದುರಿಗೆ 'ಗಜಕ್ಕೆ', 'ಒಂದಕ್ಕೆ', 'ದಿನಕ್ಕೆ' ಎಂದು ಮರೆಯದೆ ಬರೆದಳು. ಅದಿಲ್ಲದಿದ್ದರೆ ದರಕ್ಕೆ ಅರ್ಥವೇ ಇಲ್ಲವೆಂದು ದಸ್ತಗಿರಿಗೆ ಒಂದು ಸಣ್ಣ ಭಾಷಣವನ್ನೂ ಮಾಡಿದಳು. ಅವನು ಎಲ್ಲದಕ್ಕೂ "ಹೌದ್ರೀ" ಎಂದ. ಗುಂಪು ಬಿಡಿಸಿದಾಗ ಸ್ವಿಚ್ಚು ಆರು, ಒಂದಕ್ಕೆ ಒಂದೂಕಾಲು ರೂಪಾಯಿ, ಏಳೂವರೆ. ಹೋಲ್ಡರು ಆರು, ಒಂದಕ್ಕೆ ಹನ್ನೆರಡಾಣೆ, ನಾಲ್ಕೂವರೆ. ಮರದ ಪಟ್ಟಿ ಮೂವತ್ತು ಗಜ, ಗಜಕ್ಕೆ ಎರಡಾಣೆ, ಮೂರೂ ಮುಕ್ಕಾಲು. ಸ್ಕ್ರೂ, ಕ್ಲಿಪ್ಪು, ಟೇಪು ಎಣಿಸಲಾರದವು, ಒಟ್ಟಿಗೆ ಎರಡೂಕಾಲು. ಫ್ಯೂಜು ಕೂರಿಸುವ ಕಟೌಟು ಎರಡು, ಒಂದಕ್ಕೆ ಒಂದೂವರೆ. ಕೂಲಿ ಮೂರು ದಿನ, ದಿನಕ್ಕೆ ನಾಲ್ಕು. ಮೊತ್ತದ ಸಾಲು ಕೂಡಿದರೆ ಸರಿಯಾಗಿ ನಲವತ್ತೆಂಟು.

"ನನ್ನ ಪ್ಯಾಕಿನ ಮ್ಯಾಲೂ ಅಷ್ಟೇ ಬಂದಿತ್ತಲ್ರೀ!" ಎಂದು ದಸ್ತಗಿರಿ ಬೆರಗಾದ.

"ಬಂದಿತ್ತು. ಆದ್ರ ಈಗ ಯಾಕ ಬಂತು ಅಂತ ತಿಳೀತೈತಿ" ಎಂದಳು ಬಿ.ಎ.

ಅವನು ಹೋದ ಮೇಲೆ ಆಕೆ ಚೆನ್ನಾದ ಹಾಳೆಯ ಮೇಲೆ ಶುದ್ಧ ಪ್ರತಿ ಬರೆಯಲು ಕುಳಿತಳು. ಕೂಡಿದ ಮೊತ್ತದ ಕೆಳಗೆ ಅರ್ಧ ಹಾಳೆ ಖಾಲಿ ಉಳಿದು, ಕೊಟೇಷನ್ನು ಎಲ್ಲೋ ಅರ್ಧಕ್ಕೇ ನಿಂತಂತೆ ಕಂಡಿತು. ಗಂಡ ಚಂದ್ರಣ್ಣನ ಮೇಜಿನ ಮೇಲೆ ಹತ್ತಿಪೇಟೆಯ ಪಟ್ಟಿಗಳಿದ್ದವು. ಅಂದವಾದ ಲೆಕ್ಕವೆಂದರೆ ಆ ಮನೆಯಲ್ಲಿ ಅವೇ. ಆಕೆ ಅವುಗಳನ್ನು ನೋಡಿ, ಕಸಕಡ್ಡಿಗೆಂದು ಕಳೆಯುವ ತರುಗು ರೂಪಾಯಿಗೆ ಒಂದಾಣೆ, ಕಮಿಷನ್ ಅರ್ಧಾಣೆ, ದಾನಕ್ಕೆಂದು ಹಿಡಿಯುವ ಧರ್ಮ ಅರ್ಧಾಣೆ ಎಂದು ಅಚ್ಚುಕಟ್ಟಾಗಿ ಬರೆದು ಕಳೆದಳು. ಎಲ್ಲ ಕಳೆದು ಉಳಿದ ನಿಕ್ಕಿ ಮೊತ್ತ ನಲವತ್ತೆರಡು. ಕೆಳಗೆ ಜೋಡಿ ಗೆರೆ. ನೋಡಿ ನೋಡಿ ದಣಿಯಲಿಲ್ಲ. ಮರುದಿನ ಸಂಘದ ಬಾಗಿಲಲ್ಲಿ ದಸ್ತಗಿರಿ ಅದರ ಮೇಲೆ ತೆಲುಗಿನಲ್ಲಿ ಸಹಿ ಹಾಕಿದ. ಅವನಿಗೆ ಕನ್ನಡ ಓದಲು ಬಾರದು. ಓದಿ ಹೇಳಬೇಕೆಂದು ಆಕೆಗೂ ಹೊಳೆಯಲಿಲ್ಲ.

ಸಂಘದ ಕೋಣೆಯಲ್ಲಿ ಹಾಲಸ್ವಾಮಿಯವರು ಗಾದಿಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಇಬ್ಬರು ವ್ಯಾಪಾರಿಗಳು, ಬಾಗಿಲ ಬಳಿ ಮಹಾಂತಮ್ಮ. ಬಜಾರಪ್ಪನ ಕೊಟೇಷನ್ನು ಒಂದೇ ಸಾಲು: 'ಹೆರಿಗೆ ಮನೆ ವೈರಿಂಗ್ ರಿಪೇರಿ, ರೂ. ನಲವತ್ತಾರು.'

"ನಿಂದು ಓದವ್ವಾ ಗುರುಶಾಂತಮ್ಮ. ಕಾಲೇಜು ಕಲ್ತಾಕಿ, ಸ್ವಲ್ಪ ಕೇಳೂಣು" ಎಂದರು ಹಾಲಸ್ವಾಮಿ.

ಗುರುಶಾಂತಮ್ಮ ಪ್ರತಿಯೊಂದು ಸಾಲನ್ನೂ ಗಂಟೆ ಬಾರಿಸಿದಂತೆ ಓದಿದಳು. ತರುಗು ಬಂದಾಗ ಹಾಲಸ್ವಾಮಿಯವರು ತಲೆಯಾಡಿಸಿದರು. ಕಮಿಷನ್ನಿಗೂ ಆಡಿಸಿದರು. ಧರ್ಮಕ್ಕೆ, "ಭೇಷ್! ಧರ್ಮಾನೂ ಬಿಟ್ಟಾನ" ಎಂದರು. ಪಕ್ಕದವರಿಗೂ ಏನೂ ವಿಚಿತ್ರವೆನಿಸಲಿಲ್ಲ. ಕಾಗದವೆಂದ ಮೇಲೆ ಕೊನೆಗೆ ತರುಗು ಇರಲೇಬೇಕು ಎಂಬ ಊರು ಅದು.

"ನಲವತ್ತೆರಡು! ಬಜಾರಪ್ಪಗಿಂತ ನಾಲ್ಕು ಕಡಿಮಿ. ದಸ್ತಗಿರಿಗೇ ಕೊಡ್ರಿ."

ಗುರುಶಾಂತಮ್ಮ ಹೆಮ್ಮೆಯಿಂದ ಅವನತ್ತ ತಿರುಗಿದಳು. ಅವನು ಟವೆಲಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಿದ್ದ. ಮುಖದಲ್ಲಿ ನಗು ಇತ್ತು, ಕಣ್ಣಿನಲ್ಲಿ ಇರಲಿಲ್ಲ. "ಇರಲಿ ಬಿಡ್ರಿ ಅಮ್ಮಾರ, ಹೆರಿಗೆ ಮನಿಗೆ ಅಲ್ಲೇನು" ಎಂದು ಮೆಲ್ಲಗೆ ಅಂದ. ಆಗ ಗುರುಶಾಂತಮ್ಮ ಓದಿದ ಮಾತು ಆಕೆಯ ಕಿವಿಗೇ ಬಿತ್ತು. ತರುಗು! ಹತ್ತಿಯಲ್ಲಿ ಕಸವಿರುತ್ತದೆ, ಸ್ವಿಚ್ಚಿನಲ್ಲಿ ಯಾವ ಕಸ? ಕಮಿಷನ್ ಯಾರಿಗೆ? ಮೂರು ದಿನದ ಕೂಲಿಯ ಅರ್ಧ ಭಾಗವನ್ನು ಆಕೆ ಹಾಳೆಯ ಅಂದಕ್ಕಾಗಿ ಕಳೆದುಬಿಟ್ಟಿದ್ದಳು.

ಸುಮ್ಮನಿದ್ದರೆ ಕೆಲಸ ಅವನಿಗೆ ಸಿಗುತ್ತದೆ, ಕೂಲಿ ಅರ್ಧಕ್ಕೆ. ಹೇಳಿದರೆ ನಲವತ್ತೆಂಟು, ಕೆಲಸ ಬಜಾರಪ್ಪನಿಗೆ. ಬಿ.ಎ.ಯಲ್ಲಿ ಇದಕ್ಕೆ ಯಾವ ಅಧ್ಯಾಯವೂ ಇರಲಿಲ್ಲ.

"ಅಧ್ಯಕ್ಷರ, ತಪ್ಪಾಗೈತಿ. ಅವನು ಏನೂ ಬಿಟ್ಟಿಲ್ರಿ. ಬಿಟ್ಟಾಕಿ ನಾನು" ಎಂದಳು. "ಹತ್ತಿ ಪಟ್ಟಿ ನೋಡಿ ಬರದೆ. ದಸ್ತಗಿರೀನ ಹತ್ತಿ ಅಂಡಿಗಿ ಹಂಗ ಕಟ್ಟಿ ತೂಗಿಬಿಟ್ಟೀನಿ."

ಹಾಲಸ್ವಾಮಿಯವರ ಹೊಟ್ಟೆ ನಗುವಿನಿಂದ ಕುಣಿಯತೊಡಗಿತು. "ಚಂದ್ರಣ್ಣನ ಹೆಂಡ್ತಿ ಅನ್ನೋದು ಸುಳ್ಳಲ್ಲ ಬಿಡವ್ವಾ! ಹಸಿ ಹತ್ತಿಗೆ ಹಿಡಿಯೋ ತೇಮ ಯಾಕ ಬಿಟ್ಟಿ, ಅದನ್ನೂ ಕಳೀಬೇಕಿತ್ತು." ನಗು ಮುಗಿದ ಮೇಲೆ ಬಜಾರಪ್ಪನ ಕಾಗದ ಕೈಗೆತ್ತಿಕೊಂಡರು. "ಹಂಗಾದ್ರ ಇದೇ ಕಡಿಮಿ ಆತಲ್ಲ."

"ಸ್ವಾಮ್ಯಾರ, ಒಂದೀಟು ತಡೀರಿ" ಎಂದು ಮಹಾಂತಮ್ಮ ಮುಂದೆ ಬಂದಳು. "ಆರು ಸ್ವಿಚ್ಚು ಅಂತ ಓದಿದ್ರಲ್ಲ? ಹೆರಿಗೆ ಕೋಣ್ಯಾಗಿನ ಎರಡು ಹೋದ ವರ್ಷ ಹೊಸಾವ ಹಾಕ್ಸೀವಿ. ಇವನು ನೋಡಾಕ ಬಂದ ದಿನ ಒಳಗ ಒಬ್ಬಾಕಿ ಹಡೀತಿದ್ಲು. ಗಂಡಸರನ್ನ ಹೆಂಗ ಬಿಡ್ಲಿ?"

"ಹೊರಗ ನಿಂತು ಕೇಳಿದ್ನಿರೀ, ಎರಡು ಅದಾವ ಅಂದ್ರು. ಹಳೇವ ಇರ್ತಾವ ಅಂತ ಬರ್ಕೊಂಡೆ" ಎಂದ ದಸ್ತಗಿರಿ.

ಗುರುಶಾಂತಮ್ಮ ಪೆನ್ನು ತೆಗೆದಳು. ಸ್ವಿಚ್ಚು ನಾಲ್ಕು, ಒಂದಕ್ಕೆ ಒಂದೂಕಾಲು, ಐದು ರೂಪಾಯಿ. ಎರಡೂವರೆ ಇಳಿದು ಒಟ್ಟು ನಲವತ್ತೈದೂವರೆ. ಬಜಾರಪ್ಪನಿಗಿಂತ ಎಂಟಾಣೆ ಕಡಿಮೆ.

"ಬಜಾರಪ್ಪನ ಒಂದು ಸಾಲಿನ್ಯಾಗ ಸ್ವಿಚ್ಚು ಎಷ್ಟು ಅದಾವೋ ಆ ದೇವರಿಗೇ ಗೊತ್ತು" ಎಂದರು ಹಾಲಸ್ವಾಮಿ. "ದಸ್ತಗಿರಿಗೇ ಆತು. ನೀನು ಇನ್ನೊಂದು ಶುದ್ಧ ಪ್ರತಿ ಬರಿ ತಾಯಿ. ಈ ಸಲ ಹತ್ತಿ ಬ್ಯಾಡ."

ಆಕೆ ಅಲ್ಲೇ ಕುಳಿತು ಬರೆದಳು. ಈ ಸಲ ಪ್ರತಿ ಸಾಲನ್ನೂ ಬರೆಯುತ್ತಲೇ ದಸ್ತಗಿರಿಗೆ ತೆಲುಗಿನಲ್ಲಿ ಓದಿ ಹೇಳಿದಳು. ಒಟ್ಟು ಬಂದ ಮೇಲೆ ಕೆಳಗೆ ಮತ್ತೆ ಅರ್ಧ ಹಾಳೆ ಖಾಲಿ ಉಳಿಯಿತು. ಪೆನ್ನು ಕೈಯಲ್ಲೇ ಇತ್ತು. ದಸ್ತಗಿರಿ ಸ್ಕೇಲನ್ನು ನಯವಾಗಿ ಒಟ್ಟಿನ ಕೆಳಗೆ ಇಟ್ಟು ಒತ್ತಿ ಹಿಡಿದ.

"ಇಲ್ಲೇ ಗೆರಿ ಎಳೀರಿ ಅಮ್ಮಾರ" ಎಂದ. "ಕೆಳಗಿಂದು ಖಾಲೀನೇ ಚೆಂದ ಕಾಣ್ತೈತಿ."